ಹಬ್ಬಕ್ಕೆ ಊರಿಗೆ ಹೋಗೋದು ಸರಿ, ವಾಪಸ್ ಟಿಕೆಟ್ ಎಲ್ಲಿ?

ದೀಪಾವಳಿ ಬಂತು ಅಂದ್ರೆ ಖಾಸಗಿ ಬಸ್‌ಗಳ ದರ ಪಟಾಕಿಗಿಂತ ಮೊದಲೇ ಆಕಾಶಕ್ಕೆ ಹಾರುತ್ತೆ. ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತೆ, ನಾವು ಸುದ್ದಿ ಮಾಡ್ತೀವಿ, ನೀವು ದುಡ್ಡು ಕಟ್ತೀರಿ. ಇವತ್ತು ಬಸ್ ಮಾಲೀಕರನ್ನು ಬಿಟ್ಟು ನಿಮ್ಮ ಮನೆ ಲೆಕ್ಕಕ್ಕೆ ಬರೋಣ.

ಬೆಂಗಳೂರಿನಲ್ಲಿರೋ ಉಡುಪಿ ಕಡೆಯ ಕುಟುಂಬ. ನಾಲ್ಕು ಜನ. ವರ್ಷಕ್ಕೆ ಮೂರು ಸಲ ಊರು: ಬೇಸಿಗೆ ರಜೆ, ಚೌತಿ, ದೀಪಾವಳಿ. ಮಾಮೂಲಿ ದಿನ ಸ್ಲೀಪರ್ ಬಸ್ಸಿಗೆ ತಲೆಗೆ 1,000 ರೂಪಾಯಿ ಅಂತ ಇಟ್ಟುಕೊಳ್ಳಿ. ಹೋಗಿ ಬರೋಕೆ ಎಂಟು ಟಿಕೆಟ್, 8,000. ಮೂರು ಸಲಕ್ಕೆ 24,000. ತಿಂಗಳಿಗೆ 2,000 ತೆಗೆದಿಟ್ಟರೆ ಆಯ್ತು ಅಂತ ಮನೆಯವರ ಲೆಕ್ಕ. ಆದರೆ ಎರಡು ಹಬ್ಬಕ್ಕೂ ಅದೇ ಸೀಟು 2,500 ಆದ್ರೆ? ಹಬ್ಬಕ್ಕೆ ತಲಾ 20,000. ಬೇಸಿಗೆಗೆ ಮಾಮೂಲಿ ದರವೇ ಸಿಕ್ಕಿದರೂ ಒಟ್ಟು 48,000. ಸರಿಯಾಗಿ ಎರಡು ಪಟ್ಟು! ಆ ಹೆಚ್ಚುವರಿ 24,000 ಎಲ್ಲಿಂದ ಬರುತ್ತೆ? ಕ್ರೆಡಿಟ್ ಕಾರ್ಡ್‌ನಿಂದ, ಇಲ್ಲವೇ ಮಕ್ಕಳ ಫೀಸಿಗೆ ಇಟ್ಟ ದುಡ್ಡಿನಿಂದ.

ಪಂಚಗಂಗಾ ಎಕ್ಸ್‌ಪ್ರೆಸ್‌ನಂಥ ಮಾಮೂಲಿ ರೈಲಿನಲ್ಲಿ ಹಬ್ಬ ಅಂತ ದರ ಏರಲ್ಲ. ಏರೋದು ತತ್ಕಾಲ್‌ನಲ್ಲಿ, ವಿಶೇಷ ರೈಲಿನಲ್ಲಿ. ರೈಲಿನ ಬುಕಿಂಗ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು, 2024ರ ನವೆಂಬರ್‌ನಿಂದ 60 ದಿನ. ಅಂದ್ರೆ ನವೆಂಬರ್ 6ಕ್ಕೆ ಹೊರಡೋರು ಸೆಪ್ಟೆಂಬರ್ 7ರ ಬೆಳಗ್ಗೆ 8 ಗಂಟೆಗೇ ಕೂರಬೇಕು. ಬಹಳ ಜನ ಎಡವೋದು ಇಲ್ಲೇ. ಹೋಗೋ ಟಿಕೆಟ್ ಸಿಕ್ಕಿತು ಅಂತ ಖುಷಿಯಲ್ಲಿ ಮೈಮರೀತಾರೆ. ನವೆಂಬರ್ 10ರ ವಾಪಸ್ ಟಿಕೆಟ್ ತೆರೆಯೋದು ಸೆಪ್ಟೆಂಬರ್ 11ಕ್ಕೆ! ಬಲಿಪಾಡ್ಯಮಿ ರಾತ್ರಿ ಇಡೀ ಕರಾವಳಿ ಬೆಂಗಳೂರಿಗೆ ಹೊರಟಿರುತ್ತೆ. ಮರುದಿನ ಆಫೀಸಿದೆ, ಸ್ಕೂಲಿದೆ, ಎಷ್ಟು ಕೇಳಿದರೂ ಕೊಡಲೇಬೇಕು. ಹಾಗಾಗಿ ಕ್ಯಾಲೆಂಡರಿನಲ್ಲಿ ಹಬ್ಬಕ್ಕಲ್ಲ, ಈ ಎರಡು ಬುಕಿಂಗ್ ದಿನಗಳಿಗೆ ಗುರುತು ಹಾಕಿ.

ವೇಟಿಂಗ್ ಲಿಸ್ಟ್ ನಂಬಿ ಕೂರೋದೂ ದುಬಾರಿ. ಆನ್‌ಲೈನ್ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲಿದ್ದರೆ ತಾನೇ ರದ್ದಾಗುತ್ತೆ. ಹಣ ಖಾತೆಗೆ ಬರುತ್ತೆ, ನಿಜ. ಆದರೆ ಅಷ್ಟೊತ್ತಿಗೆ ಬಸ್ ಸೀಟಿನ ರೇಟು ಎಲ್ಲಿಗೆ ಹೋಗಿರುತ್ತೆ? ರೈಲು ಖಾತ್ರಿಯಾಗದಿದ್ದರೆ ಸರ್ಕಾರಿ ಬಸ್ಸಿನ ಬುಕಿಂಗ್ ತೆರೆದ ದಿನವೇ ಸೀಟು ಹಿಡಿಯಿರಿ. ಎರಡರಲ್ಲಿ ಒಂದು ರದ್ದು ಮಾಡುವಾಗ ಸ್ವಲ್ಪ ಹಣ ಕಡಿತವಾಗುತ್ತೆ, ಆಗಲಿ. ಅದನ್ನೂ ಬಜೆಟ್‌ಗೆ ಸೇರಿಸಿ.

ಇನ್ನೊಂದು ದಾರಿ ಇದೆ, ಎಲ್ಲರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಹಬ್ಬದ ಹಿಂದಿನ ರಾತ್ರಿ ಊರಿಂದ ಬೆಂಗಳೂರಿಗೆ ಬರೋ ಬಸ್‌ಗಳಿಗೆ ಅಷ್ಟು ನೂಕುನುಗ್ಗಲು ಇರಲ್ಲ. ಅಪ್ಪ ಅಮ್ಮನ ಆರೋಗ್ಯ ಚೆನ್ನಾಗಿದ್ದರೆ ಒಂದು ಹಬ್ಬಕ್ಕೆ ಅವರನ್ನೇ ಕರೆಸಿಕೊಳ್ಳಿ. ಎಂಟು ಟಿಕೆಟ್ ಬದಲು ನಾಲ್ಕು, ಅದೂ ಜನ ಇಲ್ಲದ ದಿಕ್ಕಿನಲ್ಲಿ. ಗೋಪೂಜೆ ಬಿಟ್ಟು ಹೇಗೆ ಬರಲಿ ಮಗಾ ಅಂತ ಅಮ್ಮ ಕೇಳಿದರೆ, ಆ ಹಬ್ಬ ಊರಿಗೇ ಇರಲಿ. ಕರೆಯೋದು ಚೌತಿಗೋ ಇನ್ಯಾವುದಕ್ಕೋ ಅನ್ನೋದನ್ನ ಬೇಸಿಗೆಗೆ ಹೋದಾಗಲೇ ಕೂತು ಮಾತಾಡಿಕೊಂಡು ಬನ್ನಿ.