ಎರಡು ರಿಜಿಸ್ಟರುಗಳ ನಡುವೆ ಒಂದು ನಾಯಿ
(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ದನದ ಡಾಕ್ಟರಾಗಿ ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿ ನಿವೃತ್ತನಾದವನು ನಾನು. ಸಂಘಟಕರು ‘ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗಗಳು’ ಎಂಬ ವಿಷಯ ಕೊಟ್ಟಿದ್ದಾರೆ. ಆ ಪಟ್ಟಿ ಬಹಳ ಉದ್ದ. ನಾನು ಒಂದೇ ರೋಗದ ಕಥೆ ಹೇಳುತ್ತೇನೆ, ಅದೂ ನನ್ನ ಕೈಗೆ ಬಂದದ್ದು.

1990ರ ದಶಕದಲ್ಲಿ ನಾನು ಬೇರೆ ಜಿಲ್ಲೆಯ ಒಂದು ಹೋಬಳಿಯಲ್ಲಿದ್ದೆ. ಒಂದು ಬೆಳಿಗ್ಗೆ ರೈತರೊಬ್ಬರು ಓಡಿ ಬಂದರು. “ಡಾಕ್ಟ್ರೇ, ಹಸು ನಿನ್ನೆಯಿಂದ ಮೇವು ಮುಟ್ಟಿಲ್ಲ, ಜೊಲ್ಲು ಸುರಿಸ್ತಿದೆ. ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ, ನಾನೇ ಕೈ ಹಾಕಿ ನೋಡಿದೆ, ಸಿಗಲಿಲ್ಲ” ಎಂದರು. ಹೋಗಿ ನೋಡಿದೆ. ಹಸು ಕತ್ತು ಚಾಚಿ ಒಡೆದ ದನಿಯಲ್ಲಿ ಕೂಗುತ್ತಿತ್ತು. ನೀರಿಟ್ಟರೆ ಬಾಯಿ ಇಡುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಹಿಂಗಾಲು ಎಳೆಯುತ್ತಿತ್ತು. ನಾನೂ ತೋಳು ಮಡಚಿ ಬಾಯಿಗೆ ಕೈ ಹಾಕುವವನೇ ಇದ್ದೆ. ಅಷ್ಟರಲ್ಲಿ ಕೇಳಬೇಕೆನಿಸಿತು: “ಇದಕ್ಕೆ ನಾಯಿ ಏನಾದರೂ ಕಚ್ಚಿತ್ತಾ?”

ರೈತರಿಗೆ ನೆನಪಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವರ ಮಗಳು ಹೇಳಿದಳು: “ಜಾತ್ರೆ ಮುಗಿದ ವಾರ ಕಂದು ನಾಯಿ ಬಂದಿತ್ತಲ್ಲ ಅಪ್ಪ, ಮೂತಿಗೆ ಕಚ್ಚಿತ್ತು. ಅದೇ ನಾಯಿ ಮೇಲಿನ ಕೇರಿ ಹುಡುಗನಿಗೂ ಕಚ್ಚಿತ್ತು.” ಜಾತ್ರೆ ಮುಗಿದು ಐದು ವಾರವಾಗಿತ್ತು. ಕೈ ಹಿಂದಕ್ಕೆ ತೆಗೆದೆ.

ರೇಬೀಸ್ ವೈರಸ್ ರಕ್ತದಲ್ಲಿ ಹರಿಯುವುದಿಲ್ಲ. ಜೊಲ್ಲಿನ ಮೂಲಕ ಗಾಯಕ್ಕೆ ಇಳಿದು, ನರವನ್ನು ಹಿಡಿದು, ನಿಧಾನವಾಗಿ ಮಿದುಳಿನ ಕಡೆ ಸಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ತಲೆ, ಮುಖ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ, ದಿನ ಕಡಿಮೆ. ಮಿದುಳು ಮುಟ್ಟಿ ಲಕ್ಷಣ ಕಾಣಿಸಿದ ಮೇಲೆ ಉಳಿಸುವ ಔಷಧಿ ಇಲ್ಲ. ಆದರೆ ಅದು ನಡೆದು ಹೋಗುವ ಆ ದಿನಗಳು ನಮ್ಮ ಕೈಯಲ್ಲಿರುತ್ತವೆ. ಕಚ್ಚಿದ ಮೇಲೂ ಲಸಿಕೆ ಹಾಕಿ ತಡೆಯಬಹುದಾದ ರೋಗ ಇದು.

ಹಸು ನಾಲ್ಕನೆಯ ದಿನ ಸತ್ತಿತು. ಮಿದುಳಿನ ತುಣುಕನ್ನು ಪರೀಕ್ಷೆಗೆ ಕಳಿಸಿದಾಗ ರೇಬೀಸ್ ಎಂದೇ ಬಂತು. ಆದರೆ ನಾನು ಅಷ್ಟು ದಿನ ಕಾಯಲಿಲ್ಲ. ಅದೇ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಿಜಿಸ್ಟರ್ ತೆಗೆಸಿದೆ. ಹುಡುಗನ ಹೆಸರು ಇತ್ತು: ‘ನಾಯಿ ಕಡಿತ, ಹಿಮ್ಮಡಿ’. ಇಂಜೆಕ್ಷನ್ ಮೂರಕ್ಕೇ ನಿಂತಿತ್ತು. ಆಗಿನದು ಕುರಿಯ ಮಿದುಳಿನಿಂದ ಮಾಡುತ್ತಿದ್ದ ಲಸಿಕೆ, ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹಾಕಿಸಿಕೊಳ್ಳಬೇಕು. ಹದಿನಾಲ್ಕು ಇಂಜೆಕ್ಷನ್ನಿನ ಹೆದರಿಕೆ ಇಲ್ಲಿರುವ ಹಿರಿಯರಿಗೆ ಗೊತ್ತು. ಹುಡುಗ ನೋವೆಂದು ಅತ್ತ, ಮನೆಯವರು ಗಾಯಕ್ಕೆ ಸುಣ್ಣ ಅರಿಶಿನ ಮೆತ್ತಿ ಸುಮ್ಮನಾದರು.

ನನ್ನ ಆಸ್ಪತ್ರೆಗೂ ಆ ಆರೋಗ್ಯ ಕೇಂದ್ರಕ್ಕೂ ಇನ್ನೂರು ಮೀಟರ್ ದೂರ. ನಾಯಿ ಕಚ್ಚಿದ ದನಗಳು ನನ್ನ ರಿಜಿಸ್ಟರಿನಲ್ಲಿ, ಮನುಷ್ಯರು ಅವರ ರಿಜಿಸ್ಟರಿನಲ್ಲಿ. ಆ ನಾಯಿ ಏನಾಯಿತು ಎಂಬುದು ಇಬ್ಬರಲ್ಲೂ ಇಲ್ಲ. ಅದು ಪಂಚಾಯಿತಿಗೆ ಸೇರಿದ್ದು, ಅಲ್ಲಿ ರಿಜಿಸ್ಟರೇ ಇರಲಿಲ್ಲ. ಇಂದು ‘ಒಂದೇ ಆರೋಗ್ಯ’ ಎಂದು ದೊಡ್ಡ ಸಭೆಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಆ ಎರಡು ಪುಸ್ತಕಗಳೇ ಕಣ್ಣ ಮುಂದೆ ಬರುತ್ತವೆ. ಮಲೆನಾಡಿನವರಿಗೆ ಇದು ಹೊಸದೇನಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗಲೇ ಜನರಿಗೂ ಜ್ವರ ಹಿಡಿಯಿತು. ಮಂಗ ಸತ್ತ ಸುದ್ದಿ ಬೇಗ ತಲುಪಿದಷ್ಟೂ ಜನರನ್ನು ಬೇಗ ಎಚ್ಚರಿಸಬಹುದು.

ಹುಡುಗನ ತಂದೆ ಸಾಲ ಮಾಡಿ ಪೇಟೆಯಿಂದ ಹೊಸ ಲಸಿಕೆ ತಂದರು, ತೋಳಿಗೆ ಐದು ಡೋಸ್ ಆಯಿತು. ಹಸುವಿನ ಬಾಯಿಗೆ ಕೈ ಹಾಕಿದ್ದ ರೈತರ ಬೆರಳಿನಲ್ಲಿ ಗೀರುಗಳಿದ್ದವು, ಅವರಿಗೂ ಆಯಿತು. ಹುಡುಗ ಬದುಕಿದ. ನಮ್ಮಿಂದಲೇ ಬದುಕಿದ ಎಂದು ಹೇಳಲಾರೆ. ಹುಚ್ಚುನಾಯಿ ಕಚ್ಚಿದ ಎಲ್ಲರಿಗೂ ರೋಗ ಬರುವುದಿಲ್ಲ. ಸುಣ್ಣ ಹಚ್ಚಿದವರಿಗೆ, ಮಂತ್ರ ಹಾಕಿಸಿದವರಿಗೆ ಹೆಸರು ಬಂದದ್ದು ಇದೇ ಕಾರಣಕ್ಕೆ.

ಆ ಮಿದುಳಿನ ಲಸಿಕೆ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಹಾಕುವ ಪದ್ಧತಿ ಇದೆ: ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ, ಪ್ರತಿ ಸಲ ಎರಡೂ ತೋಳಿಗೆ ಒಂದೊಂದು ಚಿಕ್ಕ ಚುಚ್ಚು. ಅದಕ್ಕೂ ಮೊದಲಿನ ಕೆಲಸ ಮನೆಯದು. ನಲ್ಲಿ ಬಿಟ್ಟು, ಬಟ್ಟೆ ಸೋಪಾದರೂ ಸರಿ, ಗಾಯವನ್ನು ಹದಿನೈದು ನಿಮಿಷ ತೊಳೆಯಬೇಕು. ಈ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಸುಣ್ಣ, ಖಾರದ ಪುಡಿ, ಕಾಫಿಪುಡಿ ಯಾವುದೂ ಬೇಡ.

ರಕ್ತ ಬಂದ ಗಾಯವಾದರೆ ಲಸಿಕೆ ಒಂದೇ ಸಾಲದು. ಲಸಿಕೆಯಿಂದ ನಮ್ಮ ಮೈ ರಕ್ಷಣೆ ತಯಾರು ಮಾಡಿಕೊಳ್ಳಲು ಒಂದೆರಡು ವಾರ ಬೇಕು. ಅಷ್ಟರವರೆಗೆ ಕಾಯಲು ಸಿದ್ಧವಾದ ಪ್ರತಿಕಾಯದ ಔಷಧಿಯನ್ನು, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಗಾಯದ ಒಳಗೆ ಮತ್ತು ಸುತ್ತ ಹಾಕುತ್ತಾರೆ. ಇದು ಮೊದಲ ಲಸಿಕೆಯ ಜೊತೆಗೇ ಆಗಬೇಕು. ತಪ್ಪಿದರೆ ಏಳು ದಿನದೊಳಗೆ, ಆಮೇಲೆ ಪ್ರಯೋಜನವಿಲ್ಲ. ಎಲ್ಲ ಆಸ್ಪತ್ರೆಯಲ್ಲೂ ಇದು ಸಿಗುವುದಿಲ್ಲ. “ಇಲ್ಲಿ ಇಲ್ಲದಿದ್ದರೆ ಎಲ್ಲಿದೆ” ಎಂದು ಕೇಳಿ, ಅಲ್ಲಿಗೆ ಹೋಗಿ.

ನಾಯಿಯನ್ನು ಹತ್ತು ದಿನ ನೋಡಿ ಎನ್ನುವುದಕ್ಕೂ ಕಾರಣವಿದೆ. ಜೊಲ್ಲಿನಲ್ಲಿ ವೈರಸ್ ಬಂದ ನಾಯಿ ಹತ್ತು ದಿನದೊಳಗೆ ಸಾಯುತ್ತದೆ. ಗಟ್ಟಿಮುಟ್ಟಾಗಿ ಉಳಿದರೆ ಕಚ್ಚಿದ ದಿನ ಅದರಲ್ಲಿ ರೋಗ ಹರಡುವ ಶಕ್ತಿ ಇರಲಿಲ್ಲ ಎಂದರ್ಥ. ಆದರೆ ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ಎಂದಲ್ಲ. ಮೊದಲ ದಿನವೇ ಶುರು ಮಾಡಬೇಕು, ಮುಂದುವರಿಸುವುದೋ ನಿಲ್ಲಿಸುವುದೋ ವೈದ್ಯರು ಹೇಳುತ್ತಾರೆ. ನಾಯಿಯನ್ನು ಹೊಡೆದು ಸಾಯಿಸಿಬಿಟ್ಟರೆ ಈ ಮಾಹಿತಿಯೂ ಅದರ ಜೊತೆಗೇ ಸಾಯುತ್ತದೆ.

ಇಷ್ಟೂ ಕಚ್ಚಿದ ಮೇಲಿನ ಮಾತು. ರೋಗದ ಬೇರು ಇರುವುದು ನಾಯಿಯಲ್ಲಿ. ಕೊಂದು ಮುಗಿಸೋಣ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಾನೂನು ಒಪ್ಪುವುದಿಲ್ಲ, ಅದು ಬೇರೆ ಮಾತು. ಕೊಂದ ಜಾಗ ಖಾಲಿ ಉಳಿಯುವುದಿಲ್ಲ. ಮುಸುರೆ ಇರುವಲ್ಲಿಗೆ ಪಕ್ಕದೂರಿನ, ಲಸಿಕೆಯಿಲ್ಲದ ನಾಯಿ ಬರುತ್ತದೆ. ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಇದ್ದರೆ ರೋಗಕ್ಕೆ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗುವುದಿಲ್ಲ. ನಮ್ಮ ನೆರೆಯ ಗೋವಾದಲ್ಲಿ ಹೀಗೆಯೇ ಮಾಡಿದರು. ಬೀದಿ ನಾಯಿಗಳನ್ನು ಬಲೆಯಲ್ಲಿ ಹಿಡಿದು ಲಸಿಕೆ ಹಾಕಿ ಬಿಟ್ಟರು, ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿದರು, ಶಂಕಿತ ನಾಯಿಯ ಸುದ್ದಿ ಬಂದ ಕೂಡಲೇ ಹೋಗಿ ನೋಡಿದರು. 2018ರಿಂದ ಕೆಲವು ವರ್ಷ ಅಲ್ಲಿ ಒಬ್ಬರೂ ರೇಬೀಸಿನಿಂದ ಸಾಯಲಿಲ್ಲ.

ನಮ್ಮೂರಿನ ಲೆಕ್ಕ ಹಾಕೋಣ. ಊರಲ್ಲಿ 120 ನಾಯಿ ಇವೆ ಎಂದುಕೊಳ್ಳಿ, 84ಕ್ಕೆ ಲಸಿಕೆ ಆಗಬೇಕು. ಹಾಕಿದ ನಾಯಿಯ ತಲೆಗೆ ಬಣ್ಣ ಹಚ್ಚಿ ಬಿಡಿ. ಮರುದಿನ ಬೆಳಿಗ್ಗೆ ಇಬ್ಬರು ಎಲ್ಲ ಕೇರಿ ಸುತ್ತಿ ಕಂಡ ನಾಯಿಗಳನ್ನೆಲ್ಲ ಎಣಿಸಲಿ. 50 ಕಂಡು ಅದರಲ್ಲಿ 35ಕ್ಕೆ ಬಣ್ಣವಿದ್ದರೆ ಸರಿ. 22ಕ್ಕೇ ಇದ್ದರೆ ಮತ್ತೆ ಹೊರಡಬೇಕು. ನನ್ನ ಅನುಭವದಲ್ಲಿ ಕೊರತೆ ಬೀಳುವುದು ಸಾಕಿದ ನಾಯಿಗಳಲ್ಲಲ್ಲ, ಮಾಂಸದಂಗಡಿ, ಬಸ್ ಸ್ಟ್ಯಾಂಡ್ ಮತ್ತು ಮರಿಗಳಲ್ಲಿ. ಮರಿ ಗೀರಿದರೆ ಏನಾಗುತ್ತದೆ ಎಂಬ ಉದಾಸೀನವೂ ನಮಗೇ ಹೆಚ್ಚು. ಪ್ರತಿ ವರ್ಷ ಹಳೆಯವು ಸತ್ತು ಹೊಸವು ಹುಟ್ಟುವುದರಿಂದ ಈ ಕೆಲಸ ಪ್ರತಿ ವರ್ಷದ್ದು.

ಬೀದಿ ನಾಯಿ ನನ್ನಂಥವನ ಕೈಗೆ ಸಿಗುವುದಿಲ್ಲ, ದಿನಾ ಅನ್ನ ಹಾಕುವ ಅಜ್ಜಿಯ ಕೈಗೆ ಸಿಗುತ್ತದೆ. ಮುಂದಿನ ತಿಂಗಳು ಶಾಲೆಯ ಈ ಮೈದಾನದಲ್ಲೇ ಲಸಿಕೆ ಹಾಕುವುದೆಂದು ಹಳೆಯ ವಿದ್ಯಾರ್ಥಿಗಳ ಸಂಘ ಒಪ್ಪಿದೆ. ನಾಯಿ ಸಾಕಿದವರು ಹಗ್ಗ ತನ್ನಿ, ಸಾಕದೆ ಅನ್ನ ಹಾಕುವವರು ನಿಮ್ಮ ಕೇರಿಯ ನಾಯಿ ಎಷ್ಟು ಗಂಟೆಗೆ ಎಲ್ಲಿ ಮಲಗುತ್ತದೆ ಎಂದು ಮೊದಲೇ ಹೇಳಿ ಕಳಿಸಿ. ಬಣ್ಣ ಎಣಿಸುವ ಕೆಲಸ ಹತ್ತನೆಯ ತರಗತಿಯ ಮಕ್ಕಳದು, ಹೆಡ್‌ಮಾಸ್ಟರು ಆಗಲೇ ಹೆಸರು ಬರೆದುಕೊಂಡಿದ್ದಾರೆ.