ಟಿಕೆಟ್ ಇಲ್ಲದ ಕೆಲಸ

ಇವತ್ತು ಒಂದು ಪುಟ್ಟ ಕತೆ ಹೇಳ್ತೀನಿ.

ಪುಣೆಯ ಹಿಂಜವಡಿಯಲ್ಲಿ ಒಂದು ಆಫೀಸು. ಮ್ಯಾನೇಜರ್ ಆಗಿ ಆರು ತಿಂಗಳಾಗಿದ್ದ ಸ್ಮಿತಾ, ಅಲ್ಲೇ 19 ವರ್ಷ ದುಡಿದಿದ್ದ ಧಾರವಾಡದ ಕುಲಕರ್ಣಿ ಸರ್ ಅವರ ರಿವ್ಯೂ ಬರೆಯೋಕೆ ಕೂತಳು. ಡ್ಯಾಶ್‌ಬೋರ್ಡ್‌ನಲ್ಲಿ ಅವರು ಮುಗಿಸಿದ್ದು 31 ಟಿಕೆಟ್. ಉಳಿದವರದ್ದೆಲ್ಲ 60ರ ಮೇಲೆ. "ವೇಗ ಕಡಿಮೆ" ಅಂತ ಟೈಪ್ ಮಾಡಿದಳು.

ಯಾಕೋ ಸಮಾಧಾನ ಆಗ್ಲಿಲ್ಲ. ವರ್ಷದ ಕೋಡ್ ರಿವ್ಯೂ ಕಾಮೆಂಟುಗಳನ್ನ ತೆಗೆದು ನೋಡಿದಳು. ಹೊಸ ಹುಡುಗರ ಕೋಡನ್ನ ಅರ್ಧಕ್ಕರ್ಧ ತಿದ್ದಿದ್ದು ಅವರೇ. ಒಂದೇ ಪೇಮೆಂಟ್ ಎರಡು ಸಲ ಕಟ್ ಆಗೋ ಬಗ್ಗನ್ನ ರಿಲೀಸ್‌ಗೆ ಮುಂಚೆ ಹಿಡಿದಿದ್ದೂ ಅವರೇ. ಅದಕ್ಕೆ ಟಿಕೆಟ್ಟೇ ಇರ್ಲಿಲ್ಲ.

ಆದ್ರೆ ಇನ್ನೊಂದೂ ನಿಜ. ಅವರ ಮಾಡ್ಯೂಲ್‌ಗೆ ಡಾಕ್ಯುಮೆಂಟ್ ಇಲ್ಲ. ಅವರು ರಜೆ ಹಾಕಿದ್ರೆ ಎಲ್ಲರೂ ಕಾಯಬೇಕು. ಮೊದಲಿನ ಸಾಲು ಅಳಿಸಿ, ಎರಡನ್ನೂ ಬರೆದಳು, ತಾರೀಕು ಸಮೇತ.

ಓದಿ ಮುಗಿಸಿ ಸರ್ ಕನ್ನಡಕ ತೆಗೆದ್ರು. "ಇಷ್ಟು ವರ್ಷ 'ಹಾರ್ಡ್ ವರ್ಕಿಂಗ್' ಅಂತಷ್ಟ ಬರೀತಿದ್ರು ನೋಡ್ರಿ ಮೇಡಂ. ನಾ ಏನ್ ಮಾಡ್ತೀನಿ ಅಂತ ಯಾರೂ ಬರದಿರ್ಲಿಲ್ಲ."

ಸ್ವಲ್ಪ ತಡೆದು ಅಂದ್ರು: "ಡಾಕ್ಯುಮೆಂಟ್ ಸೋಮವಾರ ಶುರು ಮಾಡೂಣು. ಇಬ್ಬರು ಹುಡುಗರನ್ನ ಕೊಡ್ರಿ."