ಚೀಲದ ಹೆಗಲ ಮೇಲೆ ಪಾಕೀಟಿನ ಹೊರೆ

ಸಾಸ್ತೂರ, ಉಮರ್ಗಾ, ನಿಲಂಗಾ ಸೀಮೆಯ ತೊಗರಿ ಉದಗೀರ, ಲಾತೂರಿನ ದಾಲ್ ಮಿಲ್ಲುಗಳಲ್ಲಿ ಬೇಳೆಯಾಗುತ್ತದೆ. ಲಾತೂರ ಜಿಲ್ಲೆಯ ಬೋರಸುರಿ ತೊಗರಿ ಬೇಳೆಗೆ 2024ರಲ್ಲಿ ಜಿಐ ಗುರುತು ಸಿಕ್ಕಿತು. ಹೆಸರು ಬಂದ ಬೇಳೆಯನ್ನು ಗೋಣಿಚೀಲದಲ್ಲಷ್ಟೇ ಅಲ್ಲ, ಕಿಲೋ ಪಾಕೀಟಿನಲ್ಲೂ ಮಾರಬೇಕೆಂದು ಯಾವ ಮಿಲ್ಲಿನವರಿಗಾದರೂ ಅನಿಸುವುದು ಸಹಜ. ಆ ಪಾಕೀಟಿಗೆ ನಿಜವಾಗಿ ಎಷ್ಟು ಖರ್ಚು ಬಿತ್ತು ಎಂದು ಲೆಕ್ಕ ಹಾಕುವಾಗಲೇ ತಪ್ಪು ನುಸುಳುತ್ತದೆ.

ತೊಗರಿಯ ಬೆಲೆ, ಚೀಲದ ಬೆಲೆ ಯಾವ ಮಾಲಿನವು ಎಂದು ನೇರವಾಗಿ ತಿಳಿಯುತ್ತದೆ. ಕರೆಂಟು, ರೋಲರಿನ ಸವಕಳಿ, ಗುಮಾಸ್ತರ ಸಂಬಳದಂಥವು ಹಾಗಲ್ಲ. ಅವು ಎಲ್ಲ ಮಾಲಿಗೂ ಸೇರಿದ ಮೇಲ್ವೆಚ್ಚ. ಒಂದು ಮಿಲ್ಲನ್ನು ಊಹಿಸಿಕೊಳ್ಳೋಣ. ತಿಂಗಳಿಗೆ 2,000 ಕ್ವಿಂಟಲ್ ಬೇಳೆ. 1,800 ಚೀಲದಲ್ಲಿ, 200 ಪಾಕೀಟಿನಲ್ಲಿ. ಮೇಲ್ವೆಚ್ಚ 6 ಲಕ್ಷ ರೂಪಾಯಿ. ರೂಢಿಯ ಲೆಕ್ಕ ಸರಳ: 6 ಲಕ್ಷವನ್ನು 2,000ದಿಂದ ಭಾಗಿಸಿದರೆ ಕ್ವಿಂಟಲಿಗೆ 300, ಅಂದರೆ ಕಿಲೋಗೆ 3 ರೂಪಾಯಿ. ಪಾಕೀಟಿಗೆ ಕಿಲೋಗೆ 6 ರೂಪಾಯಿ ಹೆಚ್ಚು ಬೆಲೆ ಸಿಗುತ್ತದೆ, ಪ್ಲಾಸ್ಟಿಕ್ಕಿಗೂ ತುಂಬುವ ಕೂಲಿಗೂ 2 ಹೋಗುತ್ತದೆ ಎಂದುಕೊಳ್ಳಿ. ಉಳಿದ 4 ಲಾಭವೇ ಎಂದು ಕಾಣುತ್ತದೆ.

ಇಲ್ಲಿ ಒಂದು ನಂಬಿಕೆ ಅಡಗಿದೆ: ಎಲ್ಲ ಖರ್ಚೂ ತೂಕದ ಪ್ರಕಾರ ಹುಟ್ಟುತ್ತದೆ ಎಂಬುದು. ಮಿಲ್ಲು ಓಡಿಸುವ ಖರ್ಚು 3 ಲಕ್ಷ 60 ಸಾವಿರ ಹಾಗೆ ಹುಟ್ಟುವುದು ನಿಜ, ಕ್ವಿಂಟಲಿಗೆ 180. ಆದರೆ ಪಾಕೀಟಿನವರು ಒಮ್ಮೆ ಎಣ್ಣೆ ಹಚ್ಚಿದ ಬೇಳೆ ಕೇಳುತ್ತಾರೆ, ಒಮ್ಮೆ ಹಚ್ಚದ್ದು. ಪ್ರತಿ ಸಲ ಯಂತ್ರ ನಿಲ್ಲಿಸಿ, ಖಾಲಿ ಮಾಡಿ, ಜರಡಿ ತೊಳೆಯಬೇಕು. ತಿಂಗಳಿಗೆ ಇಂಥ 40 ಬದಲಾವಣೆ, ಖರ್ಚು 80 ಸಾವಿರ. ಆ 40ರಲ್ಲಿ 30 ಪಾಕೀಟಿಗಾಗಿಯೇ. ಇನ್ನು ಆರ್ಡರ್ ಬರೆಯುವುದು, ಬಿಲ್ಲು ಮಾಡುವುದು, ಬಾಕಿ ವಸೂಲಿಗೆ ಅಲೆಯುವುದು 1 ಲಕ್ಷ 60 ಸಾವಿರ. 320 ಆರ್ಡರುಗಳಲ್ಲಿ ಚೀಲದವು 40, ಪಾಕೀಟಿನವು 280. 3 ಕ್ವಿಂಟಲಿನ ಬಿಲ್ಲಿಗೂ 30 ಕಿಲೋದ ಬಿಲ್ಲಿಗೂ ಗುಮಾಸ್ತರ ಕೈಗೆ ಬೀಳುವ ಕೆಲಸ ಹೆಚ್ಚುಕಡಿಮೆ ಒಂದೇ. ಖರ್ಚನ್ನು ಹೀಗೆ ಅದು ಹುಟ್ಟಿದ ಕೆಲಸಕ್ಕೆ ಕಟ್ಟಿ ಹಂಚುವುದೇ ಚಟುವಟಿಕೆ ಆಧಾರಿತ ವೆಚ್ಚ ಲೆಕ್ಕ. ಆಗ ಪಾಕೀಟಿನ ಪಾಲಿಗೆ 36 ಸಾವಿರ, 60 ಸಾವಿರ, 1 ಲಕ್ಷ 40 ಸಾವಿರ ಬರುತ್ತವೆ: ಕಿಲೋಗೆ 11 ರೂಪಾಯಿ 80 ಪೈಸೆ. ಚೀಲದ್ದು ಸುಮಾರು 2 ರೂಪಾಯಿಗೆ ಇಳಿಯುತ್ತದೆ. ಲಾಭ ಎಂದು ಕಂಡ 4 ರೂಪಾಯಿ ಎಲ್ಲೂ ಇಲ್ಲ. ಚೀಲದ ಬೇಳೆಗಿಂತ ಪಾಕೀಟು ಕಿಲೋಗೆ 5 ರೂಪಾಯಿ 78 ಪೈಸೆ ಹಿಂದೆ ಬಿದ್ದಿದೆ.

ಈ ಓರೆ ಹೊರಗಿನಿಂದಲೂ ಕಾಣುತ್ತದೆ. ಚೀಲದ ದರದಲ್ಲಿ ಪಕ್ಕದ ಮಿಲ್ಲಿನವರು ಸದಾ ನಿಮಗಿಂತ ಕಡಿಮೆ ಹೇಳುತ್ತಾರೆ, ಪಾಕೀಟಿನ ಆರ್ಡರುಗಳು ಮಾತ್ರ ಚೌಕಾಸಿಯಿಲ್ಲದೆ ನಿಮ್ಮ ಬಾಗಿಲಿಗೇ ಬರುತ್ತವೆ ಎಂದರೆ ಅನುಮಾನಪಡಿ. 1980ರ ದಶಕದಲ್ಲಿ ಅಮೆರಿಕದ ಜಾನ್ ಡಿಯರ್ ಟ್ರ್ಯಾಕ್ಟರ್ ಕಂಪನಿಯ ಬಿಡಿಭಾಗದ ಕಾರ್ಖಾನೆಗೂ ಹೀಗೇ ಆಗಿತ್ತು. ದೊಡ್ಡ ಪ್ರಮಾಣದ ಕೆಲಸಗಳು ಕೈತಪ್ಪಿ, ಸಣ್ಣ ಸಣ್ಣ ಕೆಲಸಗಳೇ ದಕ್ಕುತ್ತಿದ್ದವು. ಅಲ್ಲಿಂದ ಬೆಳೆದ ವಿಧಾನವನ್ನು ರಾಬಿನ್ ಕೂಪರ್, ರಾಬರ್ಟ್ ಕಪ್ಲಾನ್ ಲೋಕಕ್ಕೆ ಪರಿಚಯಿಸಿದರು.

ಇಷ್ಟು ಎಣಿಸುತ್ತ ಕೂತರೆ ಬೇಳೆ ಒಡೆಯುವವರು ಯಾರು ಎನ್ನಬಹುದು. ನಮ್ಮ ಮಿಲ್ಲಿಗೆ ಬೇಕಾದದ್ದು ಮೂರೇ ಎಣಿಕೆ, ಅದೂ ಒಂದು ತಿಂಗಳಿಗೆ. ಹತ್ತಾರು ಚಟುವಟಿಕೆ ಪಟ್ಟಿ ಮಾಡಿದರೆ ಲೆಕ್ಕದ ಖರ್ಚೇ ಹೊಸ ಮೇಲ್ವೆಚ್ಚವಾದೀತು ಎಂಬ ಮಾತು ಮಾತ್ರ ಒಪ್ಪತಕ್ಕದ್ದೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ನಾಳೆಯೇ ಪಾಕೀಟು ನಿಲ್ಲಿಸಿದರೆ ಗುಮಾಸ್ತರ ಸಂಬಳ ಉಳಿಯುತ್ತದೆಯೆ? ಇಲ್ಲ. ಅವರನ್ನು ಬೇರೆ ಕೆಲಸಕ್ಕೆ ಹಚ್ಚುವ ತನಕ ಆ 1 ಲಕ್ಷ 40 ಸಾವಿರ ಹೋಗುತ್ತಲೇ ಇರುತ್ತದೆ. ಹಾಗಾಗಿ ಈ ಲೆಕ್ಕ ನೋಡಿ ಮಾಲನ್ನೇ ಕೈಬಿಡುವುದು ಅವಸರ. ಲೆಕ್ಕ ತೋರಿಸುವುದು ಬೇರೆಯೇ ಒಂದನ್ನು: ಪಾಕೀಟಿನ ಒಂದು ಆರ್ಡರು ಸರಾಸರಿ 71 ಕಿಲೋ, ಆದ್ದರಿಂದ ಕಿಲೋಗೆ 7 ರೂಪಾಯಿ ಆರ್ಡರಿನ ಖರ್ಚಿಗೇ ಹೋಗುತ್ತಿದೆ. ತಪ್ಪು ಪಾಕೀಟಿನದಲ್ಲ, ಚಿಲ್ಲರೆ ಆರ್ಡರಿನದು. ಅದೇ ಮಾಲು 70 ಆರ್ಡರಿನಲ್ಲಿ ಹೋದರೆ ಬೇಕಾಗುವ ಕೆಲಸ ಕಾಲುಭಾಗ, ಕಿಲೋಗೆ 1 ರೂಪಾಯಿ 75 ಪೈಸೆಯಷ್ಟು.

ಈ ವಿಧಾನ ಬಿಡಿಸಲಾರದ ಗಂಟೂ ಒಂದಿದೆ. ತೊಗರಿ ಒಡೆದಾಗ ಬೇಳೆಯ ಜೊತೆಗೇ ದನಕ್ಕೆ ಹಾಕುವ ಚುನ್ನಿ ಬರುತ್ತದೆ. ತೊಗರಿಯ ಬೆಲೆಯಲ್ಲಿ ಬೇಳೆಗೆಷ್ಟು, ಚುನ್ನಿಗೆಷ್ಟು ಎಂದು ಯಾವ ಚಟುವಟಿಕೆಯೂ ಹೇಳದು. ಅಲ್ಲಿ ಪೇಟೆಯ ದರ ನೋಡಿಯೇ ಹಂಚಬೇಕು. ಉಳಿದದ್ದಕ್ಕೆ ಬಿಲ್ ಪುಸ್ತಕ ಸಾಕು. ಪಾಕೀಟಿನ ದರ ಬರೆಯುವ ಮೊದಲು ಕಳೆದ ತಿಂಗಳ ಬಿಲ್ಲುಗಳನ್ನೊಮ್ಮೆ ಎಣಿಸಿ ನೋಡಿ.